ನಡುಮನೆ ದಾಟಿದ ಬೂಟು

ಇಂಗ್ಲಿಷ್ ಕಥೆಯನ್ನು ಕನ್ನಡಕ್ಕೆ ತರುವುದು ಏನು ಮಹಾ ಕೆಲಸ, ಅವರ ಊರಿನ ಹೆಸರು ಹೊಡೆದುಹಾಕಿ ನಮ್ಮೂರಿನ ಹೆಸರು ಬರೆದರಾಯಿತು ಎನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹಾಗೆ ಹೇಳಿದವರಲ್ಲಿ ಮೊದಲನೆಯವರು ನನ್ನ ಸ್ನೇಹಿತರೇ ಆಗಿದ್ದರು. ಅವರ ಮಾತು ಕೇಳಿ ಒಂದು ವರ್ಷ ನಾನು ಪಟ್ಟ ಪಾಡನ್ನು ಇಲ್ಲಿ ಹೇಳುತ್ತೇನೆ.

ನಾನಾಗ ಚಿತ್ರದುರ್ಗದ ಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಅಸಿಸ್ಟೆಂಟ್ ಮೇಷ್ಟ್ರು. ಪೇಟೆಯಲ್ಲಿ ಹತ್ತಿ, ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಅಣ್ಣತಮ್ಮಂದಿರ ಮನೆಯೊಂದಿತ್ತು. ಊರವರು ಅಣ್ಣನನ್ನು ದೊಡ್ಡ ಸಾಹುಕಾರರು ಎಂದೂ ತಮ್ಮನನ್ನು ಚಿಕ್ಕ ಸಾಹುಕಾರರು ಎಂದೂ ಕರೆಯುತ್ತಿದ್ದರು. ನನ್ನ ಸ್ನೇಹಿತರಾದ ಚಿಕ್ಕವರಿಗೆ ವ್ಯಾಪಾರದಲ್ಲಿ ಮನಸ್ಸಿಲ್ಲ. ಅಣ್ಣನನ್ನು ಕಾಡಿ ಬೇಡಿ ಬೆಂಗಳೂರಿನಿಂದ ಒಂದು ಹಳೆಯ ಅಚ್ಚಿನ ಯಂತ್ರ ತರಿಸಿ, ಹತ್ತಿ ಪೇರಿಸುವ ಕೋಠಿಯ ಒಂದು ಮೂಲೆಯಲ್ಲಿ ನಿಲ್ಲಿಸಿಕೊಂಡಿದ್ದರು. ಮದುವೆಯ ಲಗ್ನಪತ್ರಿಕೆ, ಕಚೇರಿಯ ಫಾರಂ, ಅಂಗಡಿಗಳ ಚೀಟಿ, ಇಷ್ಟೇ ಕೆಲಸ. ಅದರಿಂದ ಮೊಳೆ ಜೋಡಿಸುವ ಕಂಪೋಸಿಟರನ ಊಟವೂ ಹೊರಡುತ್ತಿರಲಿಲ್ಲ. ದೊಡ್ಡವರು ಒಂದು ದಿನ ಖಂಡಿತವಾಗಿ ಹೇಳಿಬಿಟ್ಟರು. ಈ ಸಲ ಹತ್ತಿ ಬರುವುದರೊಳಗೆ ಪ್ರೆಸ್ಸು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಇಲ್ಲದಿದ್ದರೆ ದಾವಣಗೆರೆಯವರೊಬ್ಬರು ಕೇಳುತ್ತಿದ್ದಾರೆ, ಅವರಿಗೆ ಕೊಟ್ಟು ಕೋಠಿ ಖಾಲಿ ಮಾಡುವುದು.

ಆಗ ಮಾರಿಕಣಿವೆಯಲ್ಲಿ ಕಟ್ಟೆಯ ಕೆಲಸ ನಡೆಯುತ್ತಿತ್ತು. ಅಲ್ಲಿದ್ದ ಇಂಗ್ಲಿಷ್ ದೊರೆಯೊಬ್ಬರು ತಮ್ಮ ಊರಿಗೆ ಹೊರಟಾಗ ಸಾಮಾನೆಲ್ಲ ಹರಾಜಾಯಿತು. ಚಿಕ್ಕ ಸಾಹುಕಾರರು ಒಂದು ದೀಪ ಕೊಳ್ಳಲು ಹೋಗಿ, ದೀಪದ ಜೊತೆ ಒಂದು ಪುಸ್ತಕವನ್ನೂ ತಂದರು. ಲಂಡನ್ನಿನ ಪತ್ತೇದಾರಿ ಕಾದಂಬರಿ. ಎಷ್ಟೋ ಸಲ ಅಚ್ಚಾಗಿ ಅವರ ಸೀಮೆಯೆಲ್ಲ ಓದಿದ ಕಥೆ ಎಂದು ಅದರ ಮುಖಪುಟದಲ್ಲೇ ಹಾಕಿತ್ತು. ನಾನು ಒಂದು ಭಾನುವಾರ ಕೂತು ಅವರಿಗೆ ಕಥೆಯನ್ನು ಹೇಳಿದೆ. ಒಬ್ಬ ಶ್ರೀಮಂತ ಮುದುಕ ತನ್ನ ಕೋಣೆಯಲ್ಲಿ ಕೊಲೆಯಾಗಿ ಬಿದ್ದಿರುತ್ತಾನೆ. ಕೋಣೆಯ ರತ್ನಗಂಬಳಿಯ ಮೇಲೆ ಕೆಸರು ಮೆತ್ತಿದ ಬೂಟಿನ ಗುರುತು. ಆ ಗುರುತು ಮುದುಕನ ಅಣ್ಣನ ಮಗನ ಬೂಟಿಗೆ ಸರಿಯಾಗಿ ಹೊಂದುತ್ತದೆ. ಹುಡುಗನನ್ನು ಹಿಡಿದು ಸೆರೆಗೆ ಹಾಕುತ್ತಾರೆ. ಕೊನೆಗೆ ಪತ್ತೇದಾರ ಕಂಡುಹಿಡಿಯುತ್ತಾನೆ: ಕೊಂದವನು ಮುದುಕನ ಗುಮಾಸ್ತ, ಹುಡುಗನ ಬೂಟು ಕದ್ದು ಮೆಟ್ಟಿಕೊಂಡು ಹೋಗಿ ಕೊಂದಿದ್ದಾನೆ.

ಚಿಕ್ಕ ಸಾಹುಕಾರರು ತೊಡೆ ತಟ್ಟಿಕೊಂಡರು. "ಇದೇ ಕಣ್ರಿ ಮೇಷ್ಟ್ರೇ ನಮ್ಮ ಪ್ರೆಸ್ ಉಳ್ಸೋದು. ಕನ್ನಡ ಮಾಡ್ರಿ. ಆದ್ರೆ ಲಂಡನ್ನು ಗಿಂಡನ್ನು ಏನೂ ಬ್ಯಾಡ. ಕಣ್ಣಾಗೆ ಕಾಣದ ಊರಾಗೆ ಯಾವನೋ ಸತ್ರೆ ನಮ್ಮ ಜನಕ್ಕೇನಾಗ್ಬೇಕು? ಕೊಲೆನ ದುರ್ಗದಾಗೇ ಮಾಡ್ಸ್ರಿ."

"ಲಂಡನ್ನಿನ ಕಥೆ ಲಂಡನ್ನಿನಲ್ಲೇ ಇರಲಿ ಸಾಹುಕಾರರೇ," ಎಂದೆ. "ಓದುವವರಿಗೆ ಹೊಸ ದೇಶ ಕಂಡ ಹಾಗಾಗುತ್ತೆ."

"ಹೊಸ ದೇಶ ಕಟ್ಕಂಡು ಏನ್ಮಾಡ್ತೀರಿ? ಕಥೆ ಕೇಳಿದೋನು ಮನೆಗೋಗಿ ಬಾಗ್ಲು ಭದ್ರ ಮಾಡ್ಕಂಡು ಮಲಗ್ಬೇಕು. ಹಂಗಿರ್ಬೇಕು. ಮನೆ ಬೇಕಂದ್ರೆ ನಮ್ಮನೇನೇ ಬರ್ಕಳ್ರಿ."

ಯಂತ್ರ ಅವರದು, ಕಾಗದ ಅವರದು. ನಾನು ಒಪ್ಪಿದೆ. ಆಗಿನ ಕಾಲದಲ್ಲಿ ಯಾರೂ ಮೂಲದವರನ್ನು ಕೇಳಿ ಮಾಡುತ್ತಿರಲಿಲ್ಲ. 'ಆಂಗ್ಲ ಕಥೆಯೊಂದರ ಆಧಾರದಿಂದ' ಎಂದು ಮೊದಲ ಪುಟದಲ್ಲಿ ಒಂದು ಸಾಲು ಹಾಕಿದರೆ ಮುಗಿಯಿತು.

ನಾನು ಸುಮ್ಮನೆ ಊರಿನ ಹೆಸರು ಬದಲಿಸಿ ಕೂತವನಲ್ಲ, ಅದನ್ನು ಹೇಳಲೇಬೇಕು. ಲಂಡನ್ನಿನ ಮಂಜನ್ನು ತೆಗೆದು ಜಡಿಮಳೆ ಸುರಿಸಿದೆ. ಚಹಾ ಹೋಗಿ ಬೆಲ್ಲ ಹಾಕಿದ ಹಾಲು ಬಂತು. ಬೆಂಕಿಗೂಡಿನ ಮುಂದಿನ ಕುರ್ಚಿ ಹೋಗಿ ಗೋಡೆಗೊರಗಿದ ದಿಂಬು ಬಂತು. ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಆಸ್ತಿಯ ವಿಚಾರ. ಕಥೆಯಲ್ಲಿ ಮುದುಕ ಸತ್ತರೆ ಆಸ್ತಿ ಅಣ್ಣನ ಮಗನಿಗೆ, ಅದಕ್ಕೇ ಅವನ ಮೇಲೆ ಅನುಮಾನ. ನಮ್ಮ ಕಡೆ ಅವಿಭಕ್ತ ಕುಟುಂಬದಲ್ಲಿ ಅಣ್ಣನ ಮಗನಿಗೆ ಹೇಗೂ ಪಾಲು ಇದ್ದೇ ಇದೆ, ಚಿಕ್ಕಪ್ಪನನ್ನು ಯಾಕೆ ಕೊಲ್ಲಬೇಕು? ಎರಡು ವಾರ ತಲೆ ಕೆಡಿಸಿಕೊಂಡು, ಪರಿಚಯದ ವಕೀಲರೊಬ್ಬರ ಮನೆಗೆ ಅಲೆದು, ಕೊನೆಗೆ ಮುದುಕನ ಆಸ್ತಿಯನ್ನೆಲ್ಲ ಸ್ವಯಾರ್ಜಿತ ಮಾಡಿದೆ. ಆ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮನೆಯನ್ನು ಸಾಹುಕಾರರ ಆಸೆಯಂತೆ ಅವರ ಮನೆಯ ಹಾಗೇ ಬರೆದೆ. ಬೀದಿಗೆ ಜಗಲಿ, ಆಮೇಲೆ ನಡುಮನೆ, ನಡುಮನೆಯ ಬಲಕ್ಕೆ ದೇವರ ಕೋಣೆ, ಅದರ ಮುಂದೆ ಹಾದುಹೋದರೆ ಮುದುಕ ಮಲಗುವ ಒಳಕೋಣೆ. ಒಳಕೋಣೆಗೆ ಬೇರೆ ದಾರಿಯಿಲ್ಲ. ರತ್ನಗಂಬಳಿಯ ಜಾಗದಲ್ಲಿ ಜಮಖಾನ ಹಾಸಿ, ಅದರ ಮೇಲೆ ಎರೆಮಣ್ಣು ಮೆತ್ತಿದ ಬೂಟಿನ ಗುರುತು ಮೂಡಿಸಿದೆ. ಅಣ್ಣನ ಮಗ ಬೆಂಗಳೂರಿನಲ್ಲಿ ಓದಿ ಬಂದವನಾದ್ದರಿಂದ ಅವನಿಗೆ ಬೂಟು ಇರುವುದು ಸಹಜವೇ ಎಂದುಕೊಂಡೆ.

ಪುಸ್ತಕ ಪೂರ್ತಿ ಬರೆದಾದ ಮೇಲೆ ಅಚ್ಚು ಹಾಕಬಹುದಿತ್ತು. ಆದರೆ ಚಿಕ್ಕ ಸಾಹುಕಾರರಿಗೆ ಹತ್ತಿಯ ಭಯ. ಬರೆದ ಹಾಗೆ ಅಧ್ಯಾಯಗಳನ್ನು ಕಿತ್ತುಕೊಂಡು ಹೋಗುತ್ತಿದ್ದರು. ನಮ್ಮಲ್ಲಿದ್ದ ಅಚ್ಚುಮೊಳೆ ಎಂಟು ಪುಟಕ್ಕೆ ಮಾತ್ರ ಸಾಲುತ್ತಿತ್ತು. ಎಂಟು ಪುಟ ಜೋಡಿಸುವುದು, ಕರಡು ತಿದ್ದುವುದು, ಬೇಕಾದಷ್ಟು ಪ್ರತಿ ಒತ್ತುವುದು, ಆಮೇಲೆ ಮೊಳೆಗಳನ್ನೆಲ್ಲ ಬಿಚ್ಚಿ ಪೆಟ್ಟಿಗೆಯಲ್ಲಿ ಅವುಗಳ ಮನೆಗೆ ಹಾಕಿ ಮುಂದಿನ ಎಂಟು ಪುಟ ಜೋಡಿಸುವುದು. ಒಮ್ಮೆ ಬಿಚ್ಚಿದ ಪುಟ ಹೋಯಿತೆಂದರೆ ಹೋಯಿತು. ತಿದ್ದಬೇಕೆಂದರೆ ಹೊಸದಾಗಿ ಜೋಡಿಸಿ ಹೊಸ ಕಾಗದಕ್ಕೆ ಒತ್ತಬೇಕು. ಆ ಕಾಗದವೋ ರೈಲಿನಲ್ಲಿ ಹೊಸದುರ್ಗ ರೋಡ್ ಸ್ಟೇಷನ್ನಿಗೆ ಬಂದು, ಅಲ್ಲಿಂದ ಗಾಡಿಯಲ್ಲಿ ದುರ್ಗಕ್ಕೆ ಬರಬೇಕು. ದೊಡ್ಡ ಸಾಹುಕಾರರು ಒಂದೇ ಸಲ ತರಿಸಿಕೊಟ್ಟಿದ್ದರು, ಇನ್ನೊಂದು ಸಲದ ಮಾತೆತ್ತಬಾರದು ಎಂದೂ ಹೇಳಿದ್ದರು.

ಅಣ್ಣನ ಮಗನನ್ನು ಪೋಲೀಸಿನವರು ಹಿಡಿಯುವವರೆಗೆ ಅಚ್ಚಾಯಿತು. ಇನ್ನು ಚಂದಾದಾರರನ್ನು ಹಿಡಿಯುವ ಕೆಲಸ. ಆಗ ಪುಸ್ತಕ ಬರುವ ಮೊದಲೇ ಊರೂರು ತಿರುಗಿ, ಕೊಳ್ಳುತ್ತೇವೆ ಎಂದವರ ಹೆಸರು ಬರೆಸಿಕೊಳ್ಳುವುದು ಪದ್ಧತಿ. ಪುಸ್ತಕ ಆದ ಮೇಲೆ, ಅಂಚೆಯವನಿಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಹಾಗೆ ವಿ.ಪಿ. ಮಾಡಿ ಕಳಿಸುವುದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೂರೂ ಕಡೆ ನಾಲ್ಕು ಜನ ಹೆಸರು ಬರೆಸಿದರೆ ಅಣ್ಣನ ಬಾಯಿ ಮುಚ್ಚಿಸಬಹುದು ಎಂದು ಚಿಕ್ಕವರ ಲೆಕ್ಕ. ಸ್ಕೂಲಿಗೆ ರಜ ಬಂದದ್ದೇ ಇಬ್ಬರೂ ಗಾಡಿ ಕಟ್ಟಿಸಿಕೊಂಡು ಹೊರಟೆವು.

ಹಿರಿಯೂರಿನಲ್ಲಿ ಸಾಹುಕಾರರ ಬೀಗರ ಕೊಬ್ಬರಿ ಮಂಡಿ. ಸಂಜೆ ವ್ಯಾಪಾರ ಮುಗಿದ ಮೇಲೆ ಹತ್ತು ಹನ್ನೆರಡು ಜನ ಕೂತರು. ನಾನು ಹೊಲಿಯದ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಓದಲು ಶುರು ಮಾಡಿದೆ. ನಿಜ ಹೇಳುತ್ತೇನೆ, ಅಷ್ಟು ಚೆನ್ನಾಗಿ ನಾನು ಕ್ಲಾಸಿನಲ್ಲೂ ಓದಿರಲಿಲ್ಲ. ಮಳೆ ಬಂದಾಗ ಮಾತ್ರ ಒಬ್ಬರು "ದುರ್ಗದಾಗೆ ಇಷ್ಟು ಮಳೆ ಯಾವಾಗ ಬಂತ್ರಿ?" ಎಂದರು. ಉಳಿದವರು ಸುಮ್ಮನಿರಿಸಿದರು. ಮುದುಕನ ಹೆಣ ಕಂಡಾಗ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದವರ ಕೈ ಅಲ್ಲೇ ನಿಂತಿತು. ಚಿಕ್ಕ ಸಾಹುಕಾರರು ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಉತ್ಸಾಹದಿಂದ ಜಮಖಾನದ ಮೇಲಿನ ಬೂಟಿನ ಗುರುತಿಗೆ ಬಂದೆ.

"ಒಂಚೂರು ನಿಲ್ಸ್ರಿ ಮೇಷ್ಟ್ರೇ." ಹೇಳಿದವರು ಜವನಗೊಂಡನಹಳ್ಳಿಯಿಂದ ಕೊಬ್ಬರಿ ಹಾಕಲು ಬಂದಿದ್ದ ರೈತರೊಬ್ಬರು. "ಬೂಟು ಎಲ್ಲೈತೆ ಅಂದ್ರಿ?"

"ಒಳಕೋಣೆಯಲ್ಲಿ."

"ಒಳಕ್ವಾಣೆಗೆ ಹೋಗ್ಬೇಕಾದ್ರೆ ನಡುಮನೆ ದಾಟ್ಬೇಕಲ್ಲ. ಅಲ್ಲಿ ದೇವ್ರ ಕ್ವಾಣೆ ಐತೆ ಅಂತ ನೀವೇ ಓದಿದ್ರಿ."

"ಹೌದು."

"ಮತ್ತೆ ಬೂಟಾಕ್ಕಂಡು ಹೆಂಗೋದ?"

"ಅವನು ಕೊಲೆಗಾರ ಅಲ್ಲವೇ," ಎಂದೆ. ನನ್ನ ದನಿ ನನಗೇ ಸಪ್ಪೆಯಾಗಿ ಕೇಳಿಸಿತು.

"ಕೊಲೆಗಾರ ಆದ್ರೇನ್ರಿ? ಕೊಲ್ಲಾಕೆ ಬಂದೋನು ಸದ್ದಾಗದಂಗೆ ಬರಿಗಾಲಾಗೆ ಬರ್ತಾನೆ. ಕಟಕಟ ಬೂಟಾಕ್ಕಂಡು ಬರ್ತಾನಾ?"

ಬೀಗರು ಬಾಯಿ ಹಾಕಿದರು. "ಅದಿರ್ಲಿ, ಅಣ್ಣನ ಮಗನ ಮ್ಯಾಲೆ ಯಾಕೆ ಅನ್ಮಾನ? ಅವ್ನು ಅದೇ ಮನೇಲಿ ಹುಟ್ಟಿ ಬೆಳೆದೋನು. ಎಷ್ಟು ಸಿಟ್ಟು ಬಂದಿದ್ರೂ ಬಾಗ್ಲಾಗೆ ಕಾಲು ತಾನಾಗೇ ಕೆರ ಬಿಡ್ತೈತೆ. ಅದ್ಕೇನು ಹೇಳ್ಬೇಕಾ?"

"ಹೌದ್ಹೌದು, ಮನೇರ ಕೆಲ್ಸ ಅಲ್ಲ ಇದು," ಎಂದಿತು ಮಂಡಿಯೆಲ್ಲ. ಮುಂದೆ ಓದಲು ಬಿಡಲಿಲ್ಲ. ತಾವೇ ಪತ್ತೇದಾರರಾಗಿ ಕೂತರು. ಬೂಟು ಬಿಚ್ಚದೆ ಒಳಮನೆಗೆ ನುಗ್ಗುವವರು ಯಾರಿದ್ದಾರೆ? ದೊರೆಗಳು ಬರುತ್ತಾರೆ, ಅವರನ್ನು ಬಿಚ್ಚಿ ಎನ್ನುವ ಧೈರ್ಯ ಯಾರಿಗೂ ಇಲ್ಲ. ಪೋಲೀಸ್ ಸಾಹೇಬರು ಬರುತ್ತಾರೆ. ಮೂಲೆಯಲ್ಲಿದ್ದವನೊಬ್ಬ, "ಮಠದ ಸ್ವಾಮಿಗೋಳೂ ಮರದ ಆವಿಗೆ ಮೆಟ್ಕಂಡೇ ಒಳಕ್ಕೆ ಬರ್ತಾರೆ," ಎಂದ. "ಬಾಯ್ಮುಚ್ಲೇ," ಎಂದು ಬೀಗರು ಗದರಿದರು. ಕೊನೆಗೆ ಎಲ್ಲರೂ ಸೇರಿ ದೊರೆಯೇ ಕೊಂದದ್ದು ಎಂದು ತೀರ್ಮಾನ ಮಾಡಿ, ಬಹಳ ಚೆನ್ನಾಗಿದೆ ಕಥೆ ಎಂದು ಹೊಗಳಿ ಎದ್ದರು. ಹೆಸರು ಬರೆಸಿ ಎಂದರೆ, "ಪುಸ್ತಕ ಆಗ್ಲಿ, ನೋಡಾಣ," ಎಂದರು.

ಹೊಸದುರ್ಗದಲ್ಲೂ ಅದೇ ಬೂಟಿನ ಜಾಗಕ್ಕೆ ಬಂದು ಕಥೆಯ ಗಾಡಿ ನಿಂತಿತು. ಹೊಳಲ್ಕೆರೆಯಲ್ಲಿ ನಾನು ಬುದ್ಧಿವಂತಿಕೆ ಮಾಡಿ ಬೂಟಿನ ಸಾಲನ್ನೇ ನುಂಗಿಬಿಟ್ಟೆ. ಆಗ ಪೋಲೀಸಿನವರು ಹುಡುಗನನ್ನು ಯಾಕೆ ಹಿಡಿದರು ಎಂದೇ ಯಾರಿಗೂ ತಿಳಿಯಲಿಲ್ಲ. ವಯಸ್ಸಾದವರೊಬ್ಬರು ಮರ್ಯಾದೆಯಿಂದ, "ಮೇಷ್ಟ್ರು ಒಂದು ಹಾಳೆ ಬಿಟ್ಟು ಓದಿದ್ರೇನೋ," ಎಂದು ಕೈಯಿಂದ ಹಾಳೆ ಇಸಿದುಕೊಂಡು ತಾವೇ ನೋಡಿದರು. ನೋಡಿ, ಕನ್ನಡಕ ತೆಗೆದು, ಏನೂ ಹೇಳದೆ ವಾಪಸು ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಮೂರೂರು ತಿರುಗಿ ಒಂದು ಹೆಸರೂ ಇಲ್ಲದೆ ದುರ್ಗಕ್ಕೆ ಬಂದೆವು.

ಆಮೇಲಿನ ದಿನಗಳು ಯಾವ ಶತ್ರುವಿಗೂ ಬೇಡ. ದಿನಾ ಸ್ಕೂಲು ಬಿಟ್ಟ ಕೂಡಲೇ ಪ್ರೆಸ್ಸಿಗೆ ಹೋಗುವುದು, ಅಚ್ಚಾದ ಹಾಳೆಗಳ ಪಕ್ಕ ಕೂತು ಚಿಕ್ಕ ಸಾಹುಕಾರರೂ ನಾನೂ ಜಗಳವಾಡುವುದು.

ಬೂಟಿನ ಗುರುತನ್ನು ಬರಿಗಾಲಿನ ಗುರುತು ಮಾಡಿ, 'ತಿದ್ದುಪಡಿ' ಎಂದು ಒಂದು ಚೀಟಿ ಅಂಟಿಸೋಣ ಎಂದರು ಅವರು. ಹಾಗೆ ಮಾಡಿದರೆ ಕೊನೆ ಏನಾಗಬೇಕು? ಗುಮಾಸ್ತ ಹುಡುಗನ ಬೂಟು ಕದಿಯಬಹುದು. ಹುಡುಗನ ಪಾದವನ್ನು ಕದಿಯುವುದು ಹೇಗೆ? ಗುರುತನ್ನು ಜಗಲಿಗೆ ತರೋಣ ಎಂದೆ ನಾನು. ಜಗಲಿಯ ಮೇಲೆ ಊರವರೆಲ್ಲರ ಹೆಜ್ಜೆ ಇರುತ್ತದೆ, ಒಬ್ಬನನ್ನು ಹೇಗೆ ಹಿಡಿಯುತ್ತೀರಿ ಎಂದು ಅವರು ಕೇಳಿದರು. ಅದೂ ಸರಿಯೇ.

"ಹಂಗಾದ್ರೆ ಜನ ಹೇಳ್ದಂಗೆ ದೊರೇನೇ ಕೊಂದ ಅಂತ ಮಾಡ್ರಿ. ಅಚ್ಚಾಗಿರೋದು ಏನೂ ತಿದ್ದಂಗಿಲ್ಲ, ಮುಂದಿಂದು ಮಾತ್ರ ಬೇರೆ ಬರೀರಿ."

"ಕಚೇರಿ ಫಾರಂ ಯಾರು ಕೊಡ್ತಾರೆ ಆಮೇಲೆ ನಿಮಗೆ? ನನ್ನ ಸ್ಕೂಲಿನ ಕೆಲಸ ಏನಾಗುತ್ತೆ?"

"ಪೋಲೀಸ್ನೋರು?"

"ಅವರಾದರೆ ಮೊದಲು ನಮ್ಮ ಮನೆ ಬಾಗಿಲಿಗೇ ಬರ್ತಾರೆ."

ಮಂಡಿಯಲ್ಲಿ ಹೇಳಿದ್ದ ಮೂರನೆಯವರ ಮಾತನ್ನು ನಾನು ಎತ್ತಲಿಲ್ಲ. ಸಾಹುಕಾರರಂತೂ ಕೊರಳಲ್ಲಿದ್ದ ಲಿಂಗವನ್ನು ಒಮ್ಮೆ ಮುಟ್ಟಿಕೊಂಡು ಬೇರೆ ಕಡೆ ನೋಡಿದರು. ಇಡೀ ಸೀಮೆಯಲ್ಲಿ ನಂಬಬಹುದಾದ ಕೊಲೆಗಾರರು ಮೂರು ಜನ, ಮೂವರನ್ನೂ ಅಚ್ಚು ಹಾಕುವ ಹಾಗಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ನಾನು ಹಾಳೆಗಳ ಅಂಚನ್ನು ಸರಿ ಮಾಡುತ್ತಾ ಕೂತೆ.

ಆಗ ಅವರೊಂದು ಮಾತು ಹೇಳಿದರು. "ಮೇಷ್ಟ್ರೇ, ಲಂಡನ್ನಾಗೇ ಬಿಟ್ಟಿದ್ರೆ ಆಗ್ತಿತ್ತಲ್ರಿ. ಯಾಕೆ ದುರ್ಗಕ್ಕೆ ತಂದ್ರಿ?"

ನಾನು ಎದ್ದು ಹೊರಗೆ ಬಂದೆ. ಅಲ್ಲೇ ಇದ್ದಿದ್ದರೆ ಏನು ಅಂದುಬಿಡುತ್ತಿದ್ದೆನೋ. ಲಂಡನ್ನಿಗೇ ವಾಪಸು ಕಳಿಸೋಣವೆಂದರೆ ಮೊದಲ ಪುಟದಿಂದ ಎಲ್ಲವನ್ನೂ ಮತ್ತೆ ಒತ್ತಬೇಕು. ಕಾಗದ ಇಲ್ಲ. ಹೊಲದಲ್ಲಿ ಹತ್ತಿ ಆಗಲೇ ಬಿಡುತ್ತಿತ್ತು.

ಉಳಿದದ್ದು ಒಂದೇ ದಾರಿ, ದೊಡ್ಡ ಸಾಹುಕಾರರನ್ನೇ ಕೇಳುವುದು. ಒಂದು ಸೋಮವಾರ ಅವರು ಪೂಜೆ ಮುಗಿಸಿ ನಡುಮನೆಯಲ್ಲಿ ಕೂತಿದ್ದಾಗ ತಮ್ಮ ನನ್ನನ್ನು ಕರೆದುಕೊಂಡು ಹೋದರು. "ಅಣ್ಣಯ್ಯ, ಇನ್ನೊಂದು ಸಲ ಕಾಗದ ತರ್ಸಿಕೊಡು. ಅಷ್ಟೇ ಸಾಕು. ಮೊದ್ಲು ಕಥೆ ಕೇಳು," ಎಂದರು. ಆ ದನಿಯಲ್ಲಿ ಅವರು ಅಣ್ಣನನ್ನು ಕೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ದೊಡ್ಡವರು ಗೋಡೆಗೊರಗಿ ಕಣ್ಣು ಮುಚ್ಚಿ ಕೂತರು. ನಾನು ಓದಿದೆ. ಮಗ್ಗುಲಲ್ಲೇ ದೇವರ ಕೋಣೆ, ಅದರಾಚೆ ಒಳಕೋಣೆಯ ಬಾಗಿಲು. ನಾನು ಬರೆದ ಮನೆಯಲ್ಲೇ ಕೂತು ನಾನು ಬರೆದದ್ದನ್ನು ಓದುತ್ತಿದ್ದೆ. ಹೆಣದ ಜಾಗಕ್ಕೆ ಬಂದಾಗ ಅವರು ಕಣ್ಣು ತೆರೆದು ಒಳಕೋಣೆಯ ಕಡೆ ಒಮ್ಮೆ ನೋಡಿದರು. ಬೂಟಿನ ಜಾಗವನ್ನು ಎಲ್ಲೂ ನಿಲ್ಲಿಸದೆ ಓದಿಬಿಟ್ಟೆ, ಅವರು ತಡೆಯಲಿಲ್ಲ. ಹುಡುಗನನ್ನು ಹಿಡಿದೊಯ್ದಲ್ಲಿಗೆ ಅಚ್ಚಾದದ್ದು ಮುಗಿಯಿತು.

"ಆಮೇಲೆ?" ಎಂದರು.

"ಆಮೇಲಿನದು ಅಚ್ಚಾಗಿಲ್ಲ."

"ಇಂಗ್ಲೀಷ್ನಾಗೆ ಏನೈತೆ?"

ಹೇಳಿದೆ. ಗುಮಾಸ್ತ, ಕದ್ದ ಬೂಟು, ಎಲ್ಲವನ್ನೂ. ಅವರು ಗೋಡೆ ಬಿಟ್ಟು ನೆಟ್ಟಗೆ ಕೂತರು.

"ಕಥೆ ಚೆನ್ನಾಗೈತೆ ಮೇಷ್ಟ್ರೇ. ಅದ್ಕೇ ನನಗೆ ಹೊಟ್ಟೆ ಉರೀತೈತೆ. ಅವ್ರ ದೇಶದಾಗೆ ಬೂಟಾಗೇ ತಿರುಗಾಡ್ತಾರೆ, ಬೂಟಾಗೇ ಉಣ್ತಾರೆ, ಅಲ್ಲಿಗೆ ಸರಿ. ಇಲ್ಲಿ ನಮ್ಮ ಜಗಲಿ ಬರ್ದೀರಿ, ನಮ್ಮ ದೇವ್ರ ಕ್ವಾಣೆ ಬರ್ದೀರಿ, ನಾವು ಕುಡಿಯೋ ಹಾಲು ಬರ್ದೀರಿ. ಇಷ್ಟೆಲ್ಲ ಮಾಡಿ, ಈ ಮನೆಯೊಳಕ್ಕೆ ಬೂಟು ಬಿಚ್ಚದಂಗೆ ಬಂದಿದ್ದು ನಿಮ್ಮ ಪುಸ್ತಕ ಒಂದೇ ನೋಡ್ರಿ."

ತಮ್ಮ ತಲೆ ತಗ್ಗಿಸಿ ಕೂತಿದ್ದರು. ಕಾಗದದ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಮೊದಲ ಹತ್ತಿ ಗಾಡಿ ಬರುವ ಹಿಂದಿನ ವಾರ ದಾವಣಗೆರೆಯವರು ಬಂದು ಯಂತ್ರ ಬಿಚ್ಚಿದರು. ಮೊಳೆಗಳನ್ನು ಚೀಲಕ್ಕೆ ತುಂಬಿದರು. ಚಿಕ್ಕ ಸಾಹುಕಾರರು ಭರಮಸಾಗರದವರೆಗೂ ಗಾಡಿಯ ಜೊತೆ ಹೋಗಿ ಬರುತ್ತೇನೆಂದು ಹೊರಟರು. ಹೊರಡುವಾಗ ಅವರು ಅಚ್ಚಾದ ಹಾಳೆಗಳ ಒಂದು ಕಟ್ಟನ್ನು ನನ್ನ ಕೈಗೆ ಕೊಟ್ಟು, "ಒಂದಿಷ್ಟು ನಿಮ್ಮತ್ರ ಇರ್ಲಿ ಮೇಷ್ಟ್ರೇ. ಮಿಕ್ಕಿದ್ದು ಪೊಟ್ಣ ಕಟ್ಟಾಕೆ ಅಂಗ್ಡಿಗೆ ಹೋಗ್ತೈತೆ," ಎಂದರು.

ಕಟ್ಟು ಭಾರವಾಗಿತ್ತು. ದಾರಿಯುದ್ದಕ್ಕೂ ನಾನು ಎಲ್ಲರನ್ನೂ ಬೈದುಕೊಳ್ಳುತ್ತಾ ನಡೆದೆ. ದುರ್ಗ ಬೇಕು ಎಂದ ಸಾಹುಕಾರರನ್ನು, ಬರೆದು ಮುಗಿಸುವ ಮೊದಲೇ ಅಚ್ಚಿಗೆ ಕೊಟ್ಟ ಅವಸರವನ್ನು, ಜವನಗೊಂಡನಹಳ್ಳಿಯ ಆ ಮಹಾನುಭಾವರನ್ನು, ಮಾರಿಕಣಿವೆಯ ದೊರೆಯನ್ನು. ಮನೆ ಬಂತು. ಕಟ್ಟನ್ನು ಒಂದು ಕಂಕುಳಿಗೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯಿಂದ ಬಾಗಿಲು ಹಿಡಿದು, ಒಳಗೆ ಕಾಲಿಟ್ಟೆ.

ನನ್ನ ಮೇಜು ನಡುಮನೆಯ ಕಿಟಕಿಯ ಹತ್ತಿರ. ಒಂದು ವರ್ಷ ಸ್ಕೂಲಿನಿಂದ ಬಂದವನೇ ಅಲ್ಲಿ ಕೂತು ಬರೆದಿದ್ದೆ. ಕಟ್ಟನ್ನು ಅದರ ಮೇಲಿಟ್ಟು ತಿರುಗಿದೆ. ಹೊಸ್ತಿಲಾಚೆ ನನ್ನ ಕಾಲಿನ ಜೋಡುಗಳು ಬಿದ್ದಿದ್ದವು. ಯಾವಾಗ ಬಿಟ್ಟೆನೋ ನೆನಪಿಲ್ಲ. ಅಷ್ಟು ಸಿಟ್ಟಿನಲ್ಲಿ, ಅಷ್ಟು ಭಾರ ಹೊತ್ತುಕೊಂಡು, ನನ್ನ ಕಾಲು ತಾನಾಗೇ ಅವನ್ನು ಬಾಗಿಲಲ್ಲಿ ಬಿಟ್ಟು ಬಂದಿತ್ತು. ಕೆಳಗೆ ನೋಡಿದೆ. ಅಣ್ಣನ ಮಗನನ್ನು ಸೆರೆಗೆ ಹಾಕಿಸಿದ ಪುಟಗಳನ್ನೆಲ್ಲ ನಾನು ಬರೆದದ್ದು ಇದೇ ಬರಿಗಾಲಿನಲ್ಲಿ, ಇದೇ ನೆಲದ ಮೇಲೆ ಕಾಲೂರಿ ಕೂತು.